ಫೋಟೋದಲ್ಲಿ ಬಂದ ಅಂಕಪಟ್ಟಿಯಿಂದ ರ‍್ಯಾಂಕ್, ಸರಾಸರಿ, ಗ್ರೇಡ್ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಪ್ರೌಢಶಾಲೆ. ಹತ್ತನೇ ತರಗತಿಯ ಕ್ಲಾಸ್ ಟೀಚರ್ ರಜೆಯಲ್ಲಿದ್ದಾರೆ. ಅವರು ಕೈಯಲ್ಲಿ ಬರೆದಿಟ್ಟ ಅಂಕವಹಿಯ ಎರಡು ಫೋಟೋ ಮಾತ್ರ ವಾಟ್ಸಾಪ್‌ನಲ್ಲಿ ಬಂದಿವೆ. 36 ಮಕ್ಕಳು, ಆರು ವಿಷಯ, ಆಂತರಿಕ ಅಂಕ ಸೇರಿ 625ಕ್ಕೆ. ಶನಿವಾರ ಪೋಷಕರ ಸಭೆ. ಅಷ್ಟರೊಳಗೆ ರ‍್ಯಾಂಕ್, ತರಗತಿ ಸರಾಸರಿ, ಗ್ರೇಡ್ ಸಿದ್ಧವಾಗಬೇಕು. ಶೀಟ್‌ಗೆ ಟೈಪ್ ಮಾಡಿದೆ, ಆದರೆ ಕೆಲವರ ಒಟ್ಟು ಫೋಟೋದಲ್ಲಿರುವುದಕ್ಕೆ ಹೊಂದುತ್ತಿಲ್ಲ. ಸರಾಸರಿಯೂ ಒಂದೊಂದು ರೀತಿ ಹಾಕಿದರೆ ಒಂದೊಂದು ಬರುತ್ತಿದೆ. ಎಲ್ಲಿಂದ ಸರಿಪಡಿಸಲಿ?

ಉತ್ತರ: ರ‍್ಯಾಂಕ್, ಗ್ರೇಡ್ ಎರಡನ್ನೂ ಸದ್ಯಕ್ಕೆ ಬದಿಗಿಡಿ. ಒಟ್ಟು ಹೊಂದುತ್ತಿಲ್ಲ ಎನ್ನುವುದು ನಿಮಗೆ ಸಿಕ್ಕಿರುವ ಒಳ್ಳೆಯ ಸುಳಿವು. ಕ್ಲಾಸ್ ಟೀಚರ್ ಪ್ರತಿ ಮಗುವಿನ ಎದುರು ಕೈಯಲ್ಲಿ ಕೂಡಿ ಬರೆದಿರುವ ಒಟ್ಟು ಅಂಕವೇ ಈ ಇಡೀ ಕೆಲಸದ ಸಾಕ್ಷಿ. ಫೋಟೋದಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಅದು ಆ ಸಾಕ್ಷಿಗೆ ಹೊಂದುವುದಿಲ್ಲ. ಅಷ್ಟೇ ಅಲ್ಲ, ಎಷ್ಟು ವ್ಯತ್ಯಾಸ ಬಂದಿದೆ ಎಂಬುದರಿಂದಲೇ ಯಾವ ಬಗೆಯ ತಪ್ಪು ಆಗಿರಬಹುದು ಎಂದು ಬಹುಪಾಲು ಹೇಳಬಹುದು. ಬಹಳ ಮಂದಿ ಒಟ್ಟಿನ ಕಾಲಂ ಅನ್ನು ಟೈಪ್ ಮಾಡುವುದೇ ಇಲ್ಲ, ಹೇಗೂ ಶೀಟೇ ಕೂಡುತ್ತದಲ್ಲ ಎಂದು. ಅದನ್ನು ಬಿಟ್ಟರೆ ತಪ್ಪು ಹಿಡಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಮೊದಲು ಫೋಟೋ. ಒಮ್ಮೆ ದೊಡ್ಡದು ಮಾಡಿ ನೋಡಿ. ಅಂಕಿಯ ಅಂಚು ಚೌಕ ಚೌಕವಾಗಿ ಒಡೆದು ಕಂಡರೆ ಅದು ವಾಟ್ಸಾಪ್ ಕುಗ್ಗಿಸಿ ಕಳಿಸಿದ ಪ್ರತಿ. ಅದನ್ನಿಟ್ಟುಕೊಂಡು ಒದ್ದಾಡಬೇಡಿ. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಟೀಚರ್‌ಗೆ ಹೇಳಿ, ಹಾಗೆ ಕಳಿಸಿದರೆ ಕುಗ್ಗುವುದಿಲ್ಲ. ಹೊಸದಾಗಿ ತೆಗೆಯಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು: ಫ್ಲ್ಯಾಶ್ ಆರಿಸಿ, ಪುಟದ ನೇರ ಮೇಲಿನಿಂದ, ಮೇಲಿನ ಅರ್ಧ ಒಂದು, ಕೆಳಗಿನ ಅರ್ಧ ಒಂದು, ನಡುವಿನ ಎರಡು ಸಾಲು ಎರಡೂ ಫೋಟೋದಲ್ಲಿ ಬರುವ ಹಾಗೆ. ನಮ್ಮ ಕಡೆಯ ಹೆಂಚಿನ ಮನೆಗಳಲ್ಲಿ ಗಾಜಿನ ಹೆಂಚಿನಿಂದ ಬೀಳುವ ಬಿಸಿಲಿನ ಪಟ್ಟಿ ಪುಟದ ಮೇಲೆ ಬಿದ್ದರೆ ಅಷ್ಟು ಭಾಗ ಬೆಳ್ಳಗಾಗಿ, ಉಳಿದದ್ದು ಕಪ್ಪಾಗುತ್ತದೆ. ಜಗಲಿಯ ನೆರಳಿನಲ್ಲಿ ತೆಗೆದರೆ ಬೆಳಕು ಒಂದೇ ಸಮನಾಗಿರುತ್ತದೆ. ಮಳೆಗಾಲದಲ್ಲಿ ಬರೆದ ಪುಟಗಳನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಥಂಡಿ ಹಿಡಿದ ಕಾಗದದಲ್ಲಿ ಶಾಯಿ ಹರಡಿ 3ರ ಬಾಯಿ ಮುಚ್ಚಿಕೊಳ್ಳುತ್ತದೆ, ಅದು 8ರಂತೆ ಕಾಣುತ್ತದೆ. 0ಗೂ 6ಕ್ಕೂ ಇದೇ ಗೊಂದಲ.

ಎರಡು ಫೋಟೋ ಎಂದಿದ್ದೀರಿ. ಬಹುಶಃ ಎಡ ಪುಟದಲ್ಲಿ ಹೆಸರು, ಬಲ ಪುಟದಲ್ಲಿ ಅಂಕ ಇರಬೇಕು. ಹಾಗಿದ್ದರೆ ಇದೇ ಅತಿ ಅಪಾಯದ ಜಾಗ. ಬಲ ಪುಟದ ಸಾಲುಗಳು ಒಂದು ಸಾಲು ಜಾರಿ ಬೇರೆ ಹೆಸರಿಗೆ ಸೇರಿಕೊಂಡರೆ ಒಟ್ಟು ಎಲ್ಲವೂ ಸರಿಯಾಗಿಯೇ ತಾಳೆಯಾಗುತ್ತದೆ, ಆದರೆ ಅಂಕ ಮಾತ್ರ ಪಕ್ಕದ ಮಗುವಿನದು. ಯಾವ ಸೂತ್ರವೂ ಇದನ್ನು ಹಿಡಿಯುವುದಿಲ್ಲ. ಬಲ ಪುಟದಲ್ಲೂ ಕ್ರಮಸಂಖ್ಯೆ ಬರೆದಿದ್ದರೆ ಬಚಾವ್. ಇಲ್ಲದಿದ್ದರೆ ಟೀಚರ್‌ಗೆ ಫೋನ್ ಮಾಡಿ, 1, 12, 24, 36ನೇ ಸಾಲಿನ ಒಟ್ಟು ಅಂಕವನ್ನು ಹೆಸರು ಸಮೇತ ಓದಿಸಿಕೊಳ್ಳಿ. ನಾಲ್ಕೂ ಹೊಂದಿದರೆ ಇಡೀ ಪುಟ ಜಾರಿಲ್ಲ ಎಂದು ಧೈರ್ಯ ತಾಳಬಹುದು. ನಡುವೆ ಯಾರದಾದರೂ ಹೆಸರು ಹೊಡೆದುಹಾಕಿದ್ದರೆ, ಅಂದರೆ ವರ್ಷದ ನಡುವೆ ಟಿಸಿ ತೆಗೆದುಕೊಂಡು ಹೋದ ಮಗುವಿದ್ದರೆ, ಆ ಸಾಲಿನ ಆಚೀಚೆ ವಿಶೇಷವಾಗಿ ನೋಡಿ. ಜಾರುವುದು ಹೆಚ್ಚಾಗಿ ಅಲ್ಲೇ.

ಈಗ ಶೀಟ್. ಮೊದಲ ಸಾಲು ತಲೆಬರಹ, ಎರಡನೇ ಸಾಲಿನಲ್ಲಿ ಗರಿಷ್ಠ ಅಂಕ (ಕನ್ನಡಕ್ಕೆ 125, ಉಳಿದವಕ್ಕೆ 100), ಮಕ್ಕಳು 3ರಿಂದ 38ನೇ ಸಾಲಿನವರೆಗೆ. `A` ಕ್ರಮಸಂಖ್ಯೆ, `B` ಹೆಸರು, `C`ಯಿಂದ `H`ವರೆಗೆ ಆರು ವಿಷಯ. `I`ನಲ್ಲಿ ಅಂಕವಹಿಯಲ್ಲಿ ಬರೆದಿರುವ ಒಟ್ಟು, ಅದನ್ನೂ ಕಣ್ಣಲ್ಲಿ ನೋಡಿ ಟೈಪ್ ಮಾಡಬೇಕು. `J`ನಲ್ಲಿ ಶೀಟ್ ಕೂಡಿದ ಒಟ್ಟು, `K`ನಲ್ಲಿ ಎರಡರ ವ್ಯತ್ಯಾಸ:

```
J3:  =SUM(C3:H3)
K3:  =J3-I3
```

ಫೋಟೋ ನೋಡಿ ತುಂಬುವಾಗ ಅಡ್ಡಸಾಲು ಹಿಡಿದು ಹೋಗುವುದಕ್ಕಿಂತ ಒಂದೊಂದು ವಿಷಯವನ್ನು ಮೇಲಿನಿಂದ ಕೆಳಗೆ ತುಂಬುವುದೇ ಮೇಲು. ಫೋಟೋ ಸ್ವಲ್ಪ ಓರೆಯಾಗಿದ್ದರೂ ಅಡ್ಡಕ್ಕೆ ಓದುವ ಕಣ್ಣು ಗಣಿತದ ಹೊತ್ತಿಗೆ ಕೆಳಗಿನ ಸಾಲಿಗೆ ಇಳಿದಿರುತ್ತದೆ. ಕಾಲಂ ಕಿರಿದು, ಅಲ್ಲಿ ಕಣ್ಣು ತಪ್ಪುವುದು ಕಡಿಮೆ. ಫೋಟೋದ ಮೇಲೆ ಗ್ಯಾಲರಿಯ ಎಡಿಟ್‌ನಲ್ಲಿ ಐದೈದು ಸಾಲಿಗೊಂದು ಗೆರೆ ಎಳೆದುಕೊಳ್ಳಿ, ಪ್ರತಿ ಗೆರೆಗೆ ಬಂದಾಗ ಕ್ರಮಸಂಖ್ಯೆ ಒಮ್ಮೆ ನೋಡಿಕೊಳ್ಳಿ. ಒಬ್ಬರು ಓದಿ ಇನ್ನೊಬ್ಬರು ಟೈಪ್ ಮಾಡಿದರೆ ಇನ್ನೂ ವಾಸಿ. ಆದರೆ ಓದುವವರು "ಎಪ್ಪತ್ತನಾಲ್ಕು" ಎನ್ನುವ ಬದಲು "ಏಳು, ನಾಲ್ಕು" ಎಂದು ಬಿಡಿಬಿಡಿಯಾಗಿ ಓದಲಿ. ಎಪ್ಪತ್ತು ಎಂಬತ್ತಾಗಿ ಕಿವಿಗೆ ಬೀಳುವುದು ತಪ್ಪುತ್ತದೆ. ಫೋಟೋದಿಂದ ಅಕ್ಷರ ಎತ್ತುವ ಆ್ಯಪ್‌ಗಳು ಅಚ್ಚಾದ ಪಟ್ಟಿಗೆ ಚೆನ್ನಾಗಿವೆ. ಕೈಬರಹದ, ಗೆರೆ ಹಾಕಿದ ಅಂಕವಹಿಗೆ ಅವನ್ನು ನಂಬಿದರೆ ಗೆರೆಯನ್ನೇ 1 ಎಂದು ಓದುವುದುಂಟು. 36 ಸಾಲಿಗೆ ಕೈಯಲ್ಲಿ ತುಂಬುವುದೇ ಸಲೀಸು.

ತುಂಬಿದ ಮೇಲೆ ಪ್ರತಿ ಅಂಕಿಯೂ ಚೌಕದ ಬಲಕ್ಕೆ ಅಂಟಿಕೊಂಡಿದೆಯೇ ನೋಡಿ. ಎಡಕ್ಕೆ ನಿಂತಿದ್ದರೆ ಶೀಟ್ ಅದನ್ನು ಅಂಕಿಯೆಂದು ಒಪ್ಪಿಕೊಂಡಿಲ್ಲ, ಕೂಡುವುದೂ ಇಲ್ಲ. ಕನ್ನಡ ಕೀಬೋರ್ಡ್ ಬಿಟ್ಟು ಇಂಗ್ಲಿಷ್ ಅಂಕಿಯಲ್ಲೇ ಟೈಪ್ ಮಾಡಿ. ಅಂಕಿಯ ಹಿಂದೆ ಚುಕ್ಕಿಯೋ ನಕ್ಷತ್ರವೋ ಸೇರಿದ್ದರೂ ಹೀಗಾಗುತ್ತದೆ.

ಇನ್ನು `K` ಕಾಲಂ ಓದುವ ಬಗೆ. ನಿಮ್ಮ ಪಟ್ಟಿ ನನ್ನ ಮುಂದಿಲ್ಲದ ಕಾರಣ, ಅದೇ ರೀತಿಯ ಆರು ಸಾಲುಗಳನ್ನು ಇಟ್ಟುಕೊಂಡು ಹೇಳುತ್ತೇನೆ. ಕೊನೆಯ ಕಾಲಂ ಟೀಚರ್ ಬರೆದ ಒಟ್ಟು.

| ಕ್ರ.ಸಂ. | ಕನ್ನಡ | ಇಂಗ್ಲಿಷ್ | ಹಿಂದಿ | ಗಣಿತ | ವಿಜ್ಞಾನ | ಸಮಾಜ | ಒಟ್ಟು |
|---|---|---|---|---|---|---|---|
| 1 | 118 | 91 | 94 | 88 | 90 | 93 | 574 |
| 2 | 104 | 72 | 81 | 47 | 63 | 70 | 437 |
| 3 | 97 | 58 | 66 | 38 | 51 | 60 | 370 |
| 4 | 110 | 84 | 85 | ಗೈರು | 79 | 82 | 440 |
| 5 | 121 | 93 | 90 | 82 | 86 | 90 | 562 |
| 6 | 104 | 70 | 75 | 56 | 62 | 70 | 437 |

ಎರಡನೇ ಸಾಲಿನ ಗಣಿತ 47ನ್ನು ಅವಸರದಲ್ಲಿ 74 ಎಂದು ಟೈಪ್ ಮಾಡಿದಿರಿ ಎಂದಿಟ್ಟುಕೊಳ್ಳಿ. ಶೀಟ್ 464 ತೋರಿಸುತ್ತದೆ, `K`ನಲ್ಲಿ 27 ಬರುತ್ತದೆ. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ ಎರಡು ಅಂಕಿ ಹಿಂದುಮುಂದಾಗಿವೆ ಎಂಬ ಗುಮಾನಿ ಮೊದಲು ಬರಬೇಕು. 27ನ್ನು 9ರಿಂದ ಭಾಗಿಸಿದರೆ 3. ಹಾಗಾಗಿ ನೀವು ಟೈಪ್ ಮಾಡಿದ ಸಾಲಿನಲ್ಲಿ ಹತ್ತರ ಸ್ಥಾನ ಬಿಡಿಸ್ಥಾನಕ್ಕಿಂತ 3 ಹೆಚ್ಚಿರುವ ಸಂಖ್ಯೆ ಹುಡುಕಿ. ಇಲ್ಲಿ ಅಂಥವು ಎರಡು: 74 ಮತ್ತು 63. ಫೋಟೋದಲ್ಲಿ ಆ ಎರಡು ಚೌಕ ಮಾತ್ರ ನೋಡಿದರೆ ಸಾಕು, ಇಡೀ ಸಾಲನ್ನು ಮತ್ತೆ ಓದಬೇಕಿಲ್ಲ.

ಮೂರನೇ ಸಾಲಿನ 38ನ್ನು 33 ಎಂದು ಓದಿದ್ದರೆ ವ್ಯತ್ಯಾಸ −5. ಐದು ಬಂದರೆ 3–8ರ ಗೊಂದಲ, ಐವತ್ತು ಬಂದರೆ ಅದೇ ಗೊಂದಲ ಹತ್ತರ ಸ್ಥಾನದಲ್ಲಿ. ಆರು ಅಥವಾ ಅರವತ್ತು ಬಂದರೆ 1–7 ಇಲ್ಲವೇ 0–6. ಇದು ಜಾತಕವಲ್ಲ, 5ರ ವ್ಯತ್ಯಾಸಕ್ಕೆ 4ನ್ನು 9 ಎಂದು ಓದಿದ್ದೂ ಕಾರಣವಾಗಬಹುದು. ಎಲ್ಲಿ ಮೊದಲು ಕಣ್ಣು ಹಾಯಿಸಬೇಕು ಎಂಬುದಕ್ಕೆ ದಾರಿ ಅಷ್ಟೆ. ವ್ಯತ್ಯಾಸ ಸರಿಯಾಗಿ 10 ಅಥವಾ 100 ಬಂದು, ಫೋಟೋದ ಅಂಕಿಗಳೆಲ್ಲ ಸ್ಪಷ್ಟವಾಗಿದ್ದರೆ ತಪ್ಪು ನಿಮ್ಮದಲ್ಲದೆಯೂ ಇರಬಹುದು. ಕೈಯಲ್ಲಿ ಕೂಡುವಾಗ ದಶಕ ಮರೆತರೆ ಇದೇ ವ್ಯತ್ಯಾಸ ಬರುತ್ತದೆ. ಆಗ ನೀವಾಗಿಯೇ ತಿದ್ದಿ ಸುಮ್ಮನಾಗಬೇಡಿ. ಆ ಸಾಲಿಗೆ ಬಣ್ಣ ಹಾಕಿಟ್ಟು ಟೀಚರ್‌ಗೆ ತಿಳಿಸಿ. ಅಂಕವಹಿಯಲ್ಲಿ ತಿದ್ದುಪಡಿ ಆಗಬೇಕಾದ್ದು ಅವರ ಕೈಯಿಂದ, ಅವರ ಸಹಿಯೊಂದಿಗೆ. ಸಂಶಯ ಉಳಿದರೆ ಉತ್ತರಪತ್ರಿಕೆ ನೋಡುವುದೊಂದೇ ದಾರಿ.

`K` ಕಾಲಂನಲ್ಲಿ 16 ಸಾಲು ಸೊನ್ನೆ ಬಂದು, 17ರಿಂದ ಕೆಳಗೆ ಎಲ್ಲ ಸಾಲಲ್ಲೂ ಬೇರೆ ಬೇರೆ ವ್ಯತ್ಯಾಸ ಬಂದಿದ್ದರೆ ಅಂಕಿಗಳನ್ನು ಹುಡುಕುತ್ತ ಕೂರಬೇಡಿ. ಯಾವುದೋ ಒಂದು ವಿಷಯದಲ್ಲಿ 17ನೇ ಮಗುವಿನ ಅಂಕ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ, ಅಲ್ಲಿಂದ ಕೆಳಗೆ ಆ ಕಾಲಂ ಪೂರ್ತಿ ಜಾರಿದೆ. ಆ ಕಾಲಂ ಯಾವುದೆಂದು ಕೆಳತುದಿಯಲ್ಲಿ ಗೊತ್ತಾಗುತ್ತದೆ: ಒಂದೋ 38ನೇ ಸಾಲು ಖಾಲಿ, ಇಲ್ಲವೇ 39ನೇ ಸಾಲಿಗೆ ಒಂದು ಅಂಕ ಹೊರಬಿದ್ದಿದೆ.

ಒಂದೇ ಸಾಲಿನಲ್ಲಿ ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದರೆ, ಉದಾಹರಣೆಗೆ ವಿಜ್ಞಾನ ಸಮಾಜದ ಅಂಕಗಳು ಅದಲುಬದಲಾದರೆ, `K` ಸೊನ್ನೆಯನ್ನೇ ತೋರಿಸುತ್ತದೆ. ಇದಕ್ಕೆ ಅಂಕವಹಿಯ ಕೆಳಗೆ ವಿಷಯವಾರು ಒಟ್ಟು ಬರೆದಿದ್ದರೆ ಅದನ್ನು ಶೀಟ್‌ನ ಕಾಲಂ ಒಟ್ಟಿನೊಂದಿಗೆ ಹೋಲಿಸಿ. ಬರೆದಿರದಿದ್ದರೆ ವಿಷಯ ಶಿಕ್ಷಕರಿಂದ ಅವರವರ ವಿಷಯದ ಒಟ್ಟು ಅಥವಾ ಸರಾಸರಿ ಕೇಳಿ ಪಡೆಯಬಹುದು. ಬಹಳಷ್ಟು ಮಂದಿ ಫಲಿತಾಂಶ ವಿಶ್ಲೇಷಣೆಗೆಂದು ಬರೆದಿಟ್ಟಿರುತ್ತಾರೆ. ಅಡ್ಡಕ್ಕೂ ಉದ್ದಕ್ಕೂ ತಾಳೆಯಾದ ಪಟ್ಟಿಯಲ್ಲಿ ತಪ್ಪು ಉಳಿಯುವುದು ತೀರಾ ಅಪರೂಪ.

ಸರಾಸರಿ ಒಂದೊಂದು ಸಲ ಒಂದೊಂದು ಬರುವುದಕ್ಕೆ ಕಾರಣ ಗೈರುಹಾಜರಾದ ಮಗು. ಮೇಲಿನ ಪಟ್ಟಿಯ ನಾಲ್ಕನೇ ಮಗು ಗಣಿತ ಬರೆದಿಲ್ಲ. ಆ ಚೌಕದಲ್ಲಿ `AB` ಎಂದು ಟೈಪ್ ಮಾಡಿದರೆ `AVERAGE` ಅದನ್ನು ಬಿಟ್ಟು ಐದು ಮಕ್ಕಳ 311 ಅಂಕವನ್ನು ಐದರಿಂದ ಭಾಗಿಸುತ್ತದೆ, 62.2 ಬರುತ್ತದೆ. ಅದೇ ಚೌಕದಲ್ಲಿ 0 ಹಾಕಿದರೆ ಆರರಿಂದ ಭಾಗಿಸಿ 51.83. ಒಂದೇ ಒಂದು ಸೊನ್ನೆಗೆ ಹತ್ತಕ್ಕೂ ಹೆಚ್ಚು ಅಂಕದ ಅಂತರ. 36 ಮಕ್ಕಳಿದ್ದಾಗ ಅಂತರ ಇಷ್ಟು ದೊಡ್ಡದಾಗದು, ಆದರೆ ಇರುತ್ತದೆ. ಬರೆಯದವರು ಬೇರೆ, ಬರೆದು ಸೊನ್ನೆ ಪಡೆದವರು ಬೇರೆ. ಗಣಿತ ಹೇಗೆ ನಡೆದಿದೆ ಎಂದು ತಿಳಿಯಲು ಬರೆದವರ ಸರಾಸರಿಯೇ ಬೇಕು.

ಖಾಲಿ ಬಿಡುವುದೂ `AB` ಹಾಕುವುದೂ ಸರಾಸರಿಗೆ ಒಂದೇ. ಆದರೂ ಖಾಲಿ ಬಿಡಬೇಡಿ, ಆಮೇಲೆ ನೋಡುವಾಗ ಅದು ಗೈರೋ ಮರೆತದ್ದೋ ತಿಳಿಯುವುದಿಲ್ಲ. ಪ್ರತಿ ಕಾಲಂನ ಕೆಳಗೆ, 40ನೇ ಸಾಲಿನಲ್ಲಿ ಸರಾಸರಿಯನ್ನೂ 41ರಲ್ಲಿ ಲೆಕ್ಕಕ್ಕೆ ಬಂದ ಮಕ್ಕಳ ಸಂಖ್ಯೆಯನ್ನೂ 42ರಲ್ಲಿ ಗೈರಾದವರನ್ನೂ ತೆಗೆಯಿರಿ. ಕೆಳಗಿನವು ಗಣಿತದ್ದು:

```
F40:  =AVERAGE(F3:F38)
F41:  =COUNT(F3:F38)
F42:  =COUNTIF(F3:F38,"AB")
```

41 ಮತ್ತು 42ನೇ ಸಾಲು ಕೂಡಿದರೆ 36 ಬರಲೇಬೇಕು. ಬರದಿದ್ದರೆ ಎಲ್ಲೋ ಖಾಲಿ ಚೌಕವಿದೆ ಅಥವಾ ಅಂಕಿ ಅಕ್ಷರವಾಗಿ ಕೂತಿದೆ.

ನಿಮ್ಮ ಪಟ್ಟಿಯಲ್ಲಿ ಆಂತರಿಕ ಅಂಕವೂ ಸೇರಿರುವುದರಿಂದ ಇನ್ನೊಂದು ಬಲೆ ಇದೆ. ಲಿಖಿತ ಪರೀಕ್ಷೆಗೆ ಬಾರದ ಮಗುವಿಗೂ ಆಂತರಿಕ 20ರಲ್ಲಿ 18 ಇದ್ದೀತು. ಕೆಲವು ಟೀಚರ್‌ಗಳು ಆ ಚೌಕದಲ್ಲಿ 18 ಎಂದಷ್ಟೇ ಬರೆದಿರುತ್ತಾರೆ. ಫೋಟೋದಲ್ಲಿ ಅದು ನೂರಕ್ಕೆ 18 ಬಂದ ಹಾಗೆ ಕಾಣುತ್ತದೆ. ಉಳಿದ ವಿಷಯಗಳಲ್ಲಿ ಎಂಬತ್ತರ ಆಸುಪಾಸು ಇದ್ದು ಒಂದರಲ್ಲಿ ಮಾತ್ರ 20 ಅಥವಾ ಅದಕ್ಕಿಂತ ಕಡಿಮೆ (ಕನ್ನಡಕ್ಕೆ 25) ಇದ್ದರೆ ಹಾಜರಿ ನೋಡದೆ ಮುಂದೆ ಹೋಗಬೇಡಿ.

ತರಗತಿಯ ಒಟ್ಟು ಸರಾಸರಿಗೆ ಬಂದರೆ, ಮೇಲಿನ ಆರು ಸಾಲಿನಿಂದಲೇ ಮೂರು ಉತ್ತರ ತೆಗೆಯಬಹುದು. ಆರೂ ಮಕ್ಕಳ ಒಟ್ಟು 2820, ಆರರಿಂದ ಭಾಗಿಸಿದರೆ 470. ಎಲ್ಲ ವಿಷಯ ಬರೆದ ಐವರ ಒಟ್ಟು 2380, ಐದರಿಂದ ಭಾಗಿಸಿದರೆ 476. ಆರು ವಿಷಯಗಳ ಸರಾಸರಿಗಳನ್ನು ಕೂಡಿದರೆ 480.37. ಮೂರರಲ್ಲಿ ಕೂಡುವ ತಪ್ಪು ಯಾವುದರಲ್ಲೂ ಇಲ್ಲ, ಯಾರನ್ನು ಲೆಕ್ಕಕ್ಕೆ ಹಿಡಿದಿರಿ ಎಂಬುದು ಮಾತ್ರ ಬೇರೆ. ನನ್ನ ಅಭಿಪ್ರಾಯದಲ್ಲಿ ಪೋಷಕರ ಸಭೆಗೆ 476 ಸರಿ, ಅದರ ಪಕ್ಕದಲ್ಲಿ "ಎಲ್ಲ ವಿಷಯ ಬರೆದ 5 ಮಕ್ಕಳ ಸರಾಸರಿ" ಎಂದು ಬರೆದಿರಬೇಕು. 470ರಲ್ಲಿ ಒಂದು ಮಗುವಿನ ಐದು ವಿಷಯದ ಅಂಕ ಆರು ವಿಷಯದ ಒಟ್ಟೆಂದು ಸೇರಿಕೊಂಡಿದೆ. 480.37ರಲ್ಲಿ ಗಣಿತಕ್ಕೆ ಒಂದು ಗುಂಪು, ಉಳಿದ ವಿಷಯಗಳಿಗೆ ಇನ್ನೊಂದು ಗುಂಪು.

ಶೇಕಡಾ ಬೇಕಿದ್ದರೆ ಒಟ್ಟನ್ನು 625ರಿಂದಲೇ ಭಾಗಿಸಿ: 476ಕ್ಕೆ ಶೇ 76.16. ಪ್ರತಿ ವಿಷಯದ ಶೇಕಡಾ ತೆಗೆದು ಆರರಿಂದ ಭಾಗಿಸಿದರೆ ಕನ್ನಡದ 125 ಅಂಕಕ್ಕೂ ಉಳಿದ ನೂರಕ್ಕೂ ಒಂದೇ ತೂಕ ಕೊಟ್ಟಂತಾಗುತ್ತದೆ. ಐದನೇ ಮಗುವಿಗೆ ಒಂದು ದಾರಿಯಲ್ಲಿ 89.92, ಇನ್ನೊಂದರಲ್ಲಿ 89.63 ಬರುವುದು ಇದರಿಂದಲೇ.

`K` ಪೂರ್ತಿ ಸೊನ್ನೆಯಾದ ಮೇಲೆ, ಅಥವಾ ಸೊನ್ನೆಯಾಗದ ಸಾಲಿಗೆ ಕಾರಣ ಗೊತ್ತಾದ ಮೇಲೆ, ರ‍್ಯಾಂಕ್. ಆರೂ ವಿಷಯ ಬರೆದವರನ್ನು ಮಾತ್ರ ಸಾಲಿಗೆ ನಿಲ್ಲಿಸಬೇಕು. ಹಾಗಾಗಿ `L`ನಲ್ಲಿ ಪ್ರತ್ಯೇಕ ಕಾಲಂ ಮಾಡಿ:

```
L3:  =IF(COUNT(C3:H3)=6,J3,"")
M3:  =IF(L3="","",RANK(L3,L$3:L$38,0))
```

`L$3:L$38`ರಲ್ಲಿರುವ ಡಾಲರ್ ಗುರುತು ಮರೆತರೆ ಸೂತ್ರವನ್ನು ಕೆಳಗೆ ಎಳೆದಂತೆಲ್ಲ ಮೇಲಿನ ಮಕ್ಕಳು ಲೆಕ್ಕದಿಂದ ಹೊರಬೀಳುತ್ತಾರೆ. ಪಟ್ಟಿಯ ಕೊನೆಯ ಮಗುವಿಗೆ ಎಷ್ಟೇ ಅಂಕವಿದ್ದರೂ ಒಂದನೇ ರ‍್ಯಾಂಕ್ ಬಂದಿರುತ್ತದೆ. ಒಂದನೇ ರ‍್ಯಾಂಕ್ ಹಲವರಿಗೆ ಬಂದಿದ್ದರೆ ಮೊದಲು ಇದನ್ನೇ ನೋಡಿ.

ನಮ್ಮ ಆರು ಸಾಲಿನಲ್ಲಿ 574ಕ್ಕೆ 1, 562ಕ್ಕೆ 2, 437 ಪಡೆದ ಇಬ್ಬರಿಗೂ 3, ಆಮೇಲೆ 370ಕ್ಕೆ 5. ನಾಲ್ಕನೇ ರ‍್ಯಾಂಕ್ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಮಗುವಿಗಿಂತ ಮುಂದೆ ನಾಲ್ವರಿದ್ದಾರೆ, ಆದ್ದರಿಂದ ಐದು. ಇದು ಸರಿಯಾದ ಕ್ರಮ. ನಡುವೆ ಸಂಖ್ಯೆ ಬಿಡದೆ 3, 3, 4 ಎಂದು ಕೊಡುವ ರೂಢಿ ನಿಮ್ಮ ಶಾಲೆಯಲ್ಲಿದ್ದರೆ ಗೂಗಲ್ ಶೀಟ್ಸ್‌ನಲ್ಲಿ ಹೀಗೆ:

```
=IF(L3="","",IFERROR(ROWS(UNIQUE(FILTER(L$3:L$38,ISNUMBER(L$3:L$38),L$3:L$38>L3))),0)+1)
```

ಯಾವುದಾದರೂ ಆಗಲಿ, ಕಳೆದ ಸಲ ಯಾವ ಕ್ರಮ ಇತ್ತೋ ಅದನ್ನೇ ಇಟ್ಟುಕೊಳ್ಳಿ. ಸಮಾನ ಅಂಕದವರನ್ನು ಗಣಿತದ ಅಂಕ ನೋಡಿ ಮೇಲೆ ಕೆಳಗೆ ಮಾಡುವುದು ಮೊದಲೇ ಶಾಲೆಯಲ್ಲಿ ತೀರ್ಮಾನವಾಗಿರದಿದ್ದರೆ ಮಾಡಬೇಡಿ. ಎರಡನೇ ಮಗುವಿಗೆ ಗಣಿತದಲ್ಲಿ 47, ಆರನೆಯದಕ್ಕೆ 56. ವಿಜ್ಞಾನ ನೋಡಿದರೆ 63 ಮತ್ತು 62. ಯಾವ ವಿಷಯ ಹಿಡಿದಿರಿ ಎಂಬುದರ ಮೇಲೆ ಮುಂದಿನವರು ಯಾರೆಂದು ಬದಲಾಗುತ್ತದೆ, ಅದಕ್ಕೆ ಪೋಷಕರ ಮುಂದೆ ಉತ್ತರ ಇರುವುದಿಲ್ಲ.

ಮೇಲಿನಿಂದ ಕೆಳಗೆ ಜೋಡಿಸಿ ನೋಡಬೇಕೆನಿಸಿದರೆ ಮೊದಲು ಶೀಟ್‌ನ ಒಂದು ನಕಲು ಮಾಡಿಕೊಳ್ಳಿ, `A3`ರಿಂದ `N38`ವರೆಗೆ ಪೂರ್ತಿ ಆರಿಸಿ ಜೋಡಿಸಿ. ಒಂದು ಕಾಲಂ ಮಾತ್ರ ಆರಿಸಿ ಜೋಡಿಸಿದರೆ ಹೆಸರು ಅಲ್ಲೇ ಉಳಿದು ಅಂಕ ಓಡಾಡುತ್ತದೆ, ಅಷ್ಟು ಹೊತ್ತಿನ ಶ್ರಮ ನೀರುಪಾಲು.

ಗ್ರೇಡ್‌ನಲ್ಲಿ ಎಡವುವುದು ಗಡಿಯ ಅಂಕದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಬಳಕೆಯಲ್ಲಿದ್ದ ಪಟ್ಟಿಯಂತೆ ಶೇ 90ರಿಂದ ಎ+, 80ರಿಂದ ಎ, 70ರಿಂದ ಬಿ+, 60ರಿಂದ ಬಿ, 50ರಿಂದ ಸಿ+, ಅದರ ಕೆಳಗೆ 35ರಿಂದ ಸಿ. 625ರ ಶೇ 90 ಎಂದರೆ 562.5. ಅರ್ಧ ಅಂಕ ಯಾರಿಗೂ ಬರುವುದಿಲ್ಲವಾದ್ದರಿಂದ ಎ+ ಶುರುವಾಗುವುದು 563ಕ್ಕೆ. ಗಡಿಯನ್ನು ಯಾವಾಗಲೂ ಮೇಲಿನ ಪೂರ್ಣಾಂಕಕ್ಕೆ ಏರಿಸಬೇಕು. ಹಾಗೆ ಮಾಡಿದರೆ ಗಡಿಗಳು 563, 500, 438, 375, 313, 219.

ಇವನ್ನು ಅಂಕದಲ್ಲೇ ಸೂತ್ರಕ್ಕೆ ಕೊಡಿ, ಶೇಕಡಾದಲ್ಲಿ ಬೇಡ. ಕಾರಣ ನಮ್ಮ ಐದನೇ ಮಗು. 562 ಅಂಕ, ಶೇ 89.92. ಶೇಕಡಾ ಕಾಲಂ ಅನ್ನು `ROUND` ಮಾಡಿದ್ದರೆ ಅದು 90 ಆಗಿ, ಗ್ರೇಡ್ ಎ+ ಎಂದು ಬೀಳುತ್ತದೆ. ಒಂದು ಅಂಕ ಕಡಿಮೆಯಿದ್ದ ಮಗುವಿಗೆ ಸಲ್ಲದ ಗ್ರೇಡ್ ಕೊಟ್ಟಂತೆ. ಇನ್ನೊಂದು ಕಡೆ, `ROUND` ಮಾಡದೆ ದಶಮಾಂಶ ಮಾತ್ರ ಮರೆಮಾಡಿದ್ದರೆ ತೆರೆಯ ಮೇಲೆ ಶೇ 90 ಎಂದೂ ಪಕ್ಕದಲ್ಲಿ ಎ ಎಂದೂ ಕಾಣುತ್ತದೆ. ತಂದೆತಾಯಿ "ತೊಂಬತ್ತು ಇದೆಯಲ್ಲ ಮೇಡಂ, ಎ+ ಯಾಕಿಲ್ಲ?" ಎಂದು ಕೇಳಿದರೆ ತಪ್ಪು ಅವರದಲ್ಲ. 437 ಪಡೆದ ಇಬ್ಬರಿಗೂ ಇದೇ ಕಥೆ: ಶೇ 69.92, ಗ್ರೇಡ್ ಬಿ, ಬಿ+ಗೆ ಒಂದೇ ಅಂಕ ಕೊರತೆ. ಶೇಕಡಾ ಮುದ್ರಿಸುವುದಿದ್ದರೆ ಎರಡು ದಶಮಾಂಶ ಬಿಟ್ಟು ಮುದ್ರಿಸಿ.

```
N3:  =IF(L3="","",IFS(L3>=563,"A+",L3>=500,"A",L3>=438,"B+",L3>=375,"B",L3>=313,"C+",L3>=219,"C",TRUE,"-"))
```

ದೊಡ್ಡ ಗಡಿಯಿಂದ ಚಿಕ್ಕದಕ್ಕೆ ಇಳಿಯುವ ಈ ಕ್ರಮ ಮುಖ್ಯ. `IFS` ಮೊದಲು ಒಪ್ಪಿದ ಕಡೆಯೇ ನಿಂತುಬಿಡುತ್ತದೆ. 219ರಿಂದ ಶುರು ಮಾಡಿದರೆ 574 ಪಡೆದ ಮಗುವಿಗೂ ಸಿ ಬರುತ್ತದೆ. ವಿಷಯವಾರು ಗ್ರೇಡ್ ಬೇಕಿದ್ದರೆ ಕನ್ನಡಕ್ಕೆ 125ರ ಗಡಿಗಳು ಬೇರೆ: 113, 100, 88, 75, 63, 44. ನೂರರ ಗಡಿಯನ್ನೇ ಕನ್ನಡಕ್ಕೂ ಹಾಕಿದರೆ 104 ಪಡೆದ ಮಗುವಿಗೆ ಎ+ ಬಂದುಬಿಡುತ್ತದೆ, ನಿಜವಾಗಿ ಅದು ಶೇ 83.2, ಎ. ಪಾಸು ನಪಾಸನ್ನು ಈ ಸೂತ್ರದಿಂದ ತೀರ್ಮಾನಿಸಬೇಡಿ. ಒಟ್ಟು ಚೆನ್ನಾಗಿದ್ದರೂ ಒಂದು ವಿಷಯದಲ್ಲಿ ಹಿಂದುಳಿದಿರಬಹುದು, ಉತ್ತೀರ್ಣತೆಯ ನಿಯಮವೂ ಬದಲಾಗುತ್ತಿರುತ್ತದೆ. ಅದಕ್ಕೆ ಪ್ರತ್ಯೇಕ ಕಾಲಂ ಇಟ್ಟು ಆ ವರ್ಷದ ಸುತ್ತೋಲೆ ನೋಡಿ ತುಂಬಿ. ಸುತ್ತೋಲೆಯಲ್ಲಿ ಗ್ರೇಡಿನ ಗಡಿ ಬೇರೆ ಇದ್ದರೆ ಸೂತ್ರದ ಅಂಕಗಳನ್ನೂ ಅದರಂತೆ ಬದಲಿಸಿ. ಎಂಟು, ಒಂಬತ್ತನೇ ತರಗತಿಗೆ ಇದೇ ಶೀಟ್ ನಕಲು ಮಾಡುವಾಗಲೂ ಗಡಿ ಬದಲಿಸುವುದು ಮರೆಯಬಾರದು, ಅಲ್ಲಿನ ಗ್ರೇಡ್ ಪಟ್ಟಿ ಬೇರೆ.

ಎಲ್ಲ ಮುಗಿದ ಮೇಲೆ, ಯಾವುದೇ ಗಡಿಯಿಂದ ಎರಡು ಅಂಕದೊಳಗಿರುವ ಮಕ್ಕಳ ಸಾಲುಗಳನ್ನೂ ಮೊದಲ ಐದು ರ‍್ಯಾಂಕಿನವರ ಸಾಲುಗಳನ್ನೂ ಫೋಟೋದೊಂದಿಗೆ ಇನ್ನೊಮ್ಮೆ ಅಂಕಿ ಅಂಕಿ ಹೋಲಿಸಿ. ಬೇರೆಯವರ ಸಾಲಿನಲ್ಲಿ 5ನ್ನು 6 ಎಂದು ಓದಿದರೆ ಸರಾಸರಿ ಕೂದಲೆಳೆಯಷ್ಟು ಅಲುಗುತ್ತದೆ. ಇವರಲ್ಲಿ ಅದೇ ತಪ್ಪಾದರೆ ಗ್ರೇಡೋ ರ‍್ಯಾಂಕೋ ಬದಲಾಗುತ್ತದೆ. ಹೊಡೆದು ಮತ್ತೆ ಬರೆದ ಅಂಕಗಳಿದ್ದರೆ ಪಕ್ಕದಲ್ಲಿ ಸಹಿ ಇರುವುದನ್ನು ಹಿಡಿಯಿರಿ. ಸಹಿ ಇಲ್ಲದ ತಿದ್ದುಪಡಿಯನ್ನು ಟೀಚರ್‌ಗೆ ಕೇಳದೆ ಒಪ್ಪಿಕೊಳ್ಳಬೇಡಿ.

ಶನಿವಾರಕ್ಕೆ ಪೂರ್ತಿ ಪಟ್ಟಿಯನ್ನು ಪೋಷಕರ ಗ್ರೂಪ್‌ಗೆ ಹಾಕುವುದಾಗಲಿ ಅಂಕವಹಿಯ ಫೋಟೋ ಕಳಿಸುವುದಾಗಲಿ ಬೇಡ. ಪ್ರತಿ ಮಗುವಿಗೆ ಒಂದು ಚೀಟಿ ಸಾಕು: ಆರು ವಿಷಯದ ಅಂಕ, ಪ್ರತಿ ಅಂಕದ ಪಕ್ಕ ಆ ವಿಷಯದ ತರಗತಿ ಸರಾಸರಿ, ಒಟ್ಟು, ಗ್ರೇಡ್, ಕೇಳಿದ್ದರೆ ರ‍್ಯಾಂಕ್. ಗೈರಾದ ಮಗುವಿನ ಚೀಟಿಯಲ್ಲಿ ರ‍್ಯಾಂಕ್ ಮತ್ತು ಗ್ರೇಡಿನ ಜಾಗ ಖಾಲಿ ಬಿಟ್ಟು, "ಗಣಿತ: ಗೈರು" ಎಂದು ಕೈಯಲ್ಲಿ ಬರೆದುಕೊಡಿ.